ಮೌನದಲ್ಲಿ ಓದುವ ವಾಕ್ಯ: ಒಂದು ಬೇಕರಿ ವಿಡಿಯೊದ ಪರದೆ ಬರಹದ ವಿಮರ್ಶೆ

1. ಪ್ರಶ್ನೆ

ಜಾಹೀರಾತಿನ ಕನ್ನಡವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಇಂಗ್ಲಿಷ್ ಪದಗಳ ಬೆರಕೆಯ ಸುತ್ತಲೇ ನಡೆದಿದೆ. ಮೊಬೈಲಿನಲ್ಲಿ ಧ್ವನಿಯಿಲ್ಲದೆ ತಾನಾಗಿಯೇ ಓಡತೊಡಗುವ ಕಿರು ವಿಡಿಯೊಗಳ ಮಟ್ಟಿಗೆ ಈ ಚರ್ಚೆ ಮುಖ್ಯ ತೊಡಕನ್ನು ಮುಟ್ಟುವುದಿಲ್ಲ ಎಂಬುದು ನಮ್ಮ ವಾದ. ಇಲ್ಲಿ ಪಠ್ಯ ಕೆಡುವುದು ಪದದ ಮೂಲದಿಂದಲ್ಲ. ವಾಕ್ಯವನ್ನು ಎಲ್ಲಿ ತುಂಡರಿಸಲಾಗಿದೆ, ಅಕ್ಷರವನ್ನು ಹೇಗೆ ಎಣಿಸಲಾಗಿದೆ, ಧ್ವನಿ ಹೊರಬೇಕಿದ್ದ ಅರ್ಥವನ್ನು ಯಾವ ಪ್ರತ್ಯಯದ ಮೇಲೆ ಹೊರಿಸಲಾಗಿದೆ ಎಂಬ ಮೂರು ಸಂಗತಿಗಳಿಂದ. ಇವನ್ನು ಒಂದೇ ವಿಡಿಯೊದ ನಿಕಟ ಓದಿನಲ್ಲಿ ಪರಿಶೀಲಿಸುತ್ತೇವೆ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಪರದೆ ಬರಹವು ಚಿತ್ರದೊಳಗೇ ಅಚ್ಚಾಗಿರುತ್ತದೆ. ನೋಡುಗರು ಬೇಡವೆಂದರೂ ಅದು ಹೋಗುವುದಿಲ್ಲ. ಕ್ಯಾಪ್ಷನ್ ಬೇರೊಂದು ಕಡತದಲ್ಲಿರುತ್ತದೆ. ಆಡಿದ ಮಾತನ್ನು ಕಾಲಸೂಚಿಯೊಂದಿಗೆ ಬರೆದಿಟ್ಟದ್ದು ಅದು, ತೋರಬಹುದು, ತೋರದೆಯೂ ಇರಬಹುದು. ಮೊದಲನೆಯದನ್ನು ಪ್ರಚಾರಕ್ಕೆಂದು ರಚಿಸಲಾಗುತ್ತದೆ, ಎರಡನೆಯದು ಮಾತಿನ ಪ್ರತಿಲೇಖನ. ಎರಡೂ ಒಂದೇ ಪರದೆಯ ಮೇಲೆ ಬಂದರೂ ಒಂದೇ ಪಠ್ಯವಲ್ಲ. ನಮ್ಮ ಉದಾಹರಣೆಯಲ್ಲಿ ಅವು ಒಂದನ್ನೊಂದು ವಿರೋಧಿಸುತ್ತವೆ ಕೂಡ.

2. ಪಠ್ಯ

ಬೆಂಗಳೂರಿನ ಬಡಾವಣೆಯೊಂದರ ಬೇಕರಿ ತನ್ನ ಹೊಸ ತಿನಿಸಾದ ರಾಗಿ ಖಾರಾ ಬನ್ನಿಗಾಗಿ ಮಾಡಿಸಿದ 15 ಸೆಕೆಂಡಿನ ವಿಡಿಯೊ ಇದು. ಅಂಗಡಿಯ ಹೆಸರು ವಾದಕ್ಕೆ ಅನಗತ್ಯವಾದ್ದರಿಂದ ಬಿಟ್ಟಿದ್ದೇವೆ. ಪರದೆ ಬರಹ ಐದು ಫಲಕಗಳಲ್ಲಿ ಬರುತ್ತದೆ: ಮೊದಲ ಎರಡೂವರೆ ಸೆಕೆಂಡು ‘ಬಾಯಲ್ಲಿ ನೀರೂರಿಸುವ’, 5ನೆಯ ಸೆಕೆಂಡಿನವರೆಗೆ ‘ಓವನ್‌ನಿಂದ ಈಗಷ್ಟೇ ತೆಗೆದ’, 8ರವರೆಗೆ ‘ಹೊಸ ರಾಗಿ ಖಾರಾ ಬನ್’, 12ರವರೆಗೆ ‘ರಾಗಿಯಿಂದಲೇ ಮಾಡಿದ್ದು’, ಕೊನೆಯಲ್ಲಿ ‘ಸಂಜೆ 4ರಿಂದ, ಮುಗಿಯುವವರೆಗೆ ಮಾತ್ರ’. ಚಿತ್ರದಲ್ಲಿ ಕಂದು ಬಣ್ಣದ ಬನ್ನನ್ನು ಎರಡು ಕೈಗಳು ಬಿಡಿಸುತ್ತವೆ, ಒಳಗಿಂದ ಹಬೆ ಏಳುತ್ತದೆ.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ತಪ್ಪು ಕನ್ನಡವಿಲ್ಲ. ‘ಓವನ್’, ‘ಬನ್’ ಎಂಬ ಪದಗಳು ಬೇಕರಿಯ ಕನ್ನಡದಲ್ಲಿ ಎಂದೋ ನೆಲೆಯಾದವು. ಅವುಗಳ ಮೇಲೆ ಆಕ್ಷೇಪ ಎತ್ತುವುದು ವ್ಯರ್ಥ.

3. ವಿಶೇಷ್ಯಕ್ಕಾಗಿ ಕಾಯುವುದು

ಮೊದಲ ಮೂರು ಫಲಕಗಳು ಸೇರಿ ಒಂದೇ ನಾಮಪದಪುಂಜ. ‘ನೀರೂರಿಸುವ’, ‘ತೆಗೆದ’ ಎಂಬ ಎರಡು ಕೃದಂತಗಳು ವಿಶೇಷಣಗಳಾಗಿ ಮುಂದೆ ನಿಂತು, ಅವು ವಿಶೇಷಿಸುವ ನಾಮಪದವಾದ ‘ಬನ್’ ಕೊನೆಯಲ್ಲಿ ಬರುತ್ತದೆ. ಕನ್ನಡದ ಪದಕ್ರಮ ಇದೇ. ಇಡೀ ಪುಂಜ ಒಂದೇ ಸಾಲಿನಲ್ಲಿದ್ದರೆ ಕಣ್ಣು ಅದನ್ನು ಒಟ್ಟಿಗೆ ಹಿಡಿಯುತ್ತದೆ. ಮಾತಿನಲ್ಲಾದರೆ ‘ತೆಗೆದ’ ಎಂಬಲ್ಲಿ ಏರಿದ ಸ್ವರ ಮುಂದೇನೋ ಇದೆಯೆಂದು ಕೇಳುಗನಿಗೆ ಸೂಚಿಸುತ್ತದೆ. ಮೌನ ಫಲಕದಲ್ಲಿ ಆ ಸೂಚನೆಯಿಲ್ಲ, ಮುಂದಿನ ಪದವೂ ಕಣ್ಣಿಗೆ ಬಿದ್ದಿಲ್ಲ. ಓದುಗ ಎರಡು ಕೃದಂತಗಳನ್ನು ನೆನಪಿನಲ್ಲಿ ಹೊತ್ತು ಐದು ಸೆಕೆಂಡು ಕಾಯಬೇಕು. ಫೇಸ್‌ಬುಕ್ ವಿಡಿಯೊವೊಂದನ್ನು ಮೂರು ಸೆಕೆಂಡು ನೋಡಿದರೆ ಅದನ್ನು ವೀಕ್ಷಣೆಯೆಂದು ಬಹುಕಾಲ ಲೆಕ್ಕ ಹಿಡಿಯುತ್ತಿತ್ತು. ಆ ಲೆಕ್ಕದ ಪ್ರಕಾರ ಈ ವಿಡಿಯೊವನ್ನು ‘ನೋಡಿದ’ ವ್ಯಕ್ತಿ ಅದು ಯಾವ ತಿನಿಸಿನದೆಂದು ಓದದೆಯೇ ಮುಂದೆ ಹೋಗಿರಬಹುದು.

ಚಿತ್ರವೇ ವಿಶೇಷ್ಯವನ್ನು ಒದಗಿಸುತ್ತದಲ್ಲ ಎಂಬ ಆಕ್ಷೇಪ ಸಹಜವಾದುದು. ಅದು ಭಾಗಶಃ ಸರಿ: ಪರದೆಯ ಮೇಲಿರುವುದು ಬನ್ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಕಂದು ಬನ್ ಚಾಕೊಲೇಟಿನದೂ ಆಗಬಹುದು, ಇಡಿಗೋಧಿಯದೂ ಆಗಬಹುದು. ಖಾರವಂತೂ ಕಣ್ಣಿಗೆ ಕಾಣುವ ಗುಣವಲ್ಲ. ಚಿತ್ರ ಹೇಳಲಾರದ ಎರಡೇ ಸಂಗತಿಗಳೆಂದರೆ ರಾಗಿ ಮತ್ತು ಖಾರ. ಬರಹ ಅವನ್ನೇ ಹಿಂದಕ್ಕೆ ತಳ್ಳಿ, ಚಿತ್ರ ಈಗಾಗಲೇ ಹೇಳಿದ ಬಿಸಿಯನ್ನೂ ಬಾಯಿ ನೀರನ್ನೂ ಮುಂದಿಟ್ಟಿದೆ.

ಪರಿಹಾರಕ್ಕಾಗಿ ಇಂಗ್ಲಿಷಿನ ಪದಕ್ರಮವನ್ನು ಎರವಲು ತರಬೇಕಿಲ್ಲ. ಕನ್ನಡದಲ್ಲಿ ಕ್ರಿಯಾಪದವಿಲ್ಲದ ನಾಮವಾಕ್ಯ ಪೂರ್ಣ ವಾಕ್ಯವೇ; ಕೃದಂತಕ್ಕೆ ‘-ದು’ ಹತ್ತಿದರೆ ಅದು ತಾನೇ ನಾಮಪದವಾಗಿ ನಿಲ್ಲುತ್ತದೆ. ‘ರಾಗಿ ಖಾರಾ ಬನ್’ ಎಂಬುದು ಮೊದಲ ಫಲಕವಾಗಿ, ‘ಈಗಷ್ಟೇ ಓವನ್‌ನಿಂದ ತೆಗೆದದ್ದು’ ಎರಡನೆಯದಾದರೆ ಯಾವ ಫಲಕವೂ ಮತ್ತೊಂದಕ್ಕಾಗಿ ಕಾಯುವುದಿಲ್ಲ. ‘ಬಂತು ನೋಡಿ, ರಾಗಿ ಖಾರಾ ಬನ್’ ಎಂದು ಕ್ರಿಯಾಪದವನ್ನು ಮುಂದಿಡುವ ಆಡುಮಾತಿನ ರಚನೆಯೂ ಇಲ್ಲಿ ಹೊಂದುತ್ತದೆ. ನಮ್ಮ ಕಸೋಟಿ ಸರಳ: ಯಾವುದೇ ಫಲಕದಲ್ಲಿ ವಿಡಿಯೊ ನಿಲ್ಲಿಸಿದರೂ ಪರದೆಯ ಮೇಲಿನದು ಪೂರ್ಣ ಮಾತಾಗಿರಬೇಕು. ಮೂಲದ ಮೊದಲೆರಡು ಫಲಕಗಳು ಈ ಕಸೋಟಿಯಲ್ಲಿ ಸೋಲುತ್ತವೆ.

4. ಅಕ್ಷರವೋ, ಸಂಕೇತವೋ

ಮೂರನೆಯ ಫಲಕ ಟೈಪ್‌ರೈಟರಿನಂತೆ ಒಂದೊಂದೇ ಗುರುತಾಗಿ ಮೂಡುತ್ತದೆ. ಸಂಪಾದನೆಯ ತಂತ್ರಾಂಶ ಇಲ್ಲಿ ಎಣಿಸಿರುವುದು ಕನ್ನಡಿಗರು ಅಕ್ಷರವೆನ್ನುವುದನ್ನಲ್ಲ, ಯೂನಿಕೋಡಿನ ಸಂಕೇತಗಳನ್ನು. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ವಿರಾಮಚಿಹ್ನೆಗೊಂದು ಬೇರೆಬೇರೆ ಸಂಕೇತ. ಹೀಗಾಗಿ ‘ರಾಗಿ’ ಎಂಬುದು ರ, ರಾ, ರಾಗ, ರಾಗಿ ಎಂಬ ನಾಲ್ಕು ಹೆಜ್ಜೆಗಳಲ್ಲಿ ಬರುತ್ತದೆ. ಧಾನ್ಯಕ್ಕೆ ಮುಂಚೆ ಸಂಗೀತ ಬಂದು ಹೋಗುತ್ತದೆ. ‘ಬನ್’ ಎಂಬುದಕ್ಕೆ ಮುಂಚೆ ‘ಬನ’ ಎಂಬ ತೋಪು ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದೇ ತಂತ್ರ ಪದವನ್ನು ಅಪೂರ್ಣವಾಗಿ ತೋರಿಸುತ್ತದೆಯಾದರೂ ತೋರಿದ ಅಕ್ಷರ ಮುಂದೆ ರೂಪ ಬದಲಿಸುವುದಿಲ್ಲ. ಕನ್ನಡದಲ್ಲಿ ಆಗಲೇ ಓದಿದ ಅಕ್ಷರವೇ ಕಣ್ಣೆದುರು ಬೇರೆಯಾಗುತ್ತದೆ.

ಇದರಿಂದಾಗುವ ಕಾಲನಷ್ಟವನ್ನು ಲೆಕ್ಕ ಹಾಕಬಹುದು. ‘ಹೊಸ ರಾಗಿ ಖಾರಾ ಬನ್’ ಎಂಬಲ್ಲಿ ಪದಗಳ ನಡುವಿನ ಮೂರು ಖಾಲಿ ಜಾಗಗಳೂ ಸೇರಿ 17 ಸಂಕೇತಗಳಿವೆ. ಈ ವಿಡಿಯೊದಲ್ಲಿ ಒಂದೊಂದಕ್ಕೂ 0.15 ಸೆಕೆಂಡು ಹಿಡಿದಿದೆ, ಒಟ್ಟು 2.55 ಸೆಕೆಂಡು. ಫಲಕದ ಆಯುಸ್ಸು ಮೂರು ಸೆಕೆಂಡು. ತಿನಿಸಿನ ಪೂರ್ಣ ಹೆಸರು ಅಲುಗದೆ ನಿಲ್ಲುವುದು ಅರ್ಧ ಸೆಕೆಂಡಿಗೂ ಕಡಿಮೆ. ಇದನ್ನೇ ಹೊ, ಸ, ರಾ, ಗಿ, ಖಾ, ರಾ, ಬ, ನ್ ಎಂದು ಎಂಟು ಹೆಜ್ಜೆಗಳಲ್ಲಿ ಮೂಡಿಸಿದರೆ 1.2 ಸೆಕೆಂಡಿನಲ್ಲಿ ಮುಗಿದು, ಓದಲು 1.8 ಸೆಕೆಂಡು ಉಳಿಯುತ್ತದೆ.

ಯೂನಿಕೋಡಿನ ಅಕ್ಷರಗುಚ್ಛದ ನಿಯಮವನ್ನು ತಂತ್ರಾಂಶ ಪಾಲಿಸಿದರೆ ಸಾಕಲ್ಲವೇ ಎಂದು ಕೇಳಬಹುದು. ‘ರಾಗ’ದ ತೊಂದರೆ ಅದರಿಂದ ನೀಗುತ್ತದೆ, ಏಕೆಂದರೆ ಆ ನಿಯಮ ಸ್ವರಚಿಹ್ನೆಯನ್ನು ವ್ಯಂಜನದಿಂದ ಬಿಡಿಸುವುದಿಲ್ಲ. ಒತ್ತಕ್ಷರದ ತೊಂದರೆ ಮಾತ್ರ ಉಳಿಯುತ್ತದೆ. 2023ರ 15.1 ಆವೃತ್ತಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳ ಸಂಯುಕ್ತಾಕ್ಷರಗಳನ್ನು ಒಂದೇ ಗುಚ್ಛವಾಗಿ ಹಿಡಿಯುವ ನಿಯಮ ಸೇರಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ನಿಯಮದಂತೆ ಎರಡನೆಯ ಫಲಕದ ‘ಈಗಷ್ಟೇ’ ಎಂಬುದನ್ನು ಮೂಡಿಸಿದ್ದರೆ ಅದು ಮೂರು ಅಕ್ಷರಗಳಾಗಿ ಬಾರದೆ ಈ, ಗ, ಷ್, ಟೇ ಎಂದು ನಾಲ್ಕಾಗಿ ಬರುತ್ತಿತ್ತು. ಆದ್ದರಿಂದ ಸದ್ಯಕ್ಕೆ ಕನ್ನಡದಲ್ಲಿ ಪದವೇ ಸುರಕ್ಷಿತ ಘಟಕ: ಇಡೀ ಪದ ಒಮ್ಮೆಗೇ ಮೂಡಲಿ.

ಓದುವ ವೇಗವನ್ನು ಸೆಕೆಂಡಿಗೆ ಇಷ್ಟು ಅಕ್ಷರವೆಂದು ನಿಗದಿ ಮಾಡುವ ಕ್ಯಾಪ್ಷನ್ ಮಾನದಂಡಗಳಿಗೂ ಇದೇ ಮಾತು ಅನ್ವಯಿಸುತ್ತದೆ. ‘ಬಾಯಲ್ಲಿ ನೀರೂರಿಸುವ’ ಎಂಬುದು ಓದುಗನಿಗೆ ಎಂಟು ಅಕ್ಷರ, ಯಂತ್ರಕ್ಕೆ ಹದಿನೇಳು. ಯಾವುದನ್ನು ಎಣಿಸಿದೆವೆಂದು ಹೇಳದ ಮಾನದಂಡ ಕನ್ನಡದ ಮಟ್ಟಿಗೆ ಅರ್ಥಹೀನ.

5. ಒಂದು ‘ಏ’ಕಾರದ ಹೊಣೆ

ಇದುವರೆಗಿನ ದೋಷಗಳು ಓದನ್ನು ತಡೆಯುವಂಥವು. ನಾಲ್ಕನೆಯ ಫಲಕದ ದೋಷ ಓದಿದ ಮೇಲೆ ಆರಂಭವಾಗುತ್ತದೆ. ‘ರಾಗಿಯಿಂದಲೇ ಮಾಡಿದ್ದು’ ಎಂಬಲ್ಲಿನ ‘ಏ’ ಅವಧಾರಣೆಯದು. ಅವಧಾರಣೆಗೆ ಎರಡು ಅರ್ಥಗಳುಂಟು. ಒಂದು ಖಾತ್ರಿ: ಅನುಮಾನ ಬೇಡ, ಇದು ನಿಜಕ್ಕೂ ರಾಗಿಯದು, ಬಣ್ಣ ಹಾಕಿದ್ದಲ್ಲ. ಇನ್ನೊಂದು ವ್ಯಾವರ್ತನೆ: ರಾಗಿಯ ಹೊರತು ಬೇರೆ ಹಿಟ್ಟಿಲ್ಲ. ಮಾತಿನಲ್ಲಿ ಸ್ವರದ ಏರಿಳಿತವೂ ಹಿಂದುಮುಂದಿನ ವಾಕ್ಯಗಳೂ ಸೇರಿ ಒಂದನ್ನು ಆಯುತ್ತವೆ. ಮೌನ ಫಲಕದಲ್ಲಿ ಪದದ ಹೊರತು ಬೇರೆ ಆಧಾರವಿಲ್ಲ. ಆಗ ಎರಡನೆಯ ಅರ್ಥವೇ ಮೇಲೇಳುತ್ತದೆಂದು ನಮ್ಮ ಅಭಿಪ್ರಾಯ, ಏಕೆಂದರೆ ಖಾತ್ರಿಗೆ ಬೇಕಾದ ಅನುಮಾನವನ್ನು ಪಠ್ಯದಲ್ಲಿ ಯಾರೂ ಎತ್ತಿಲ್ಲ.

ಇದೇ ಹೊತ್ತಿಗೆ ಧ್ವನಿಯಲ್ಲಿ ಬರುವ ಮಾತಿನ ಕ್ಯಾಪ್ಷನ್ ಕಡತ ಹೀಗಿದೆ:

```
1
00:00:08,000 --> 00:00:10,000
ರಾಗಿ ಹಿಟ್ಟಿನ ಜೊತೆ ಮೈದಾ ಸೇರಿಸಿ

2
00:00:10,000 --> 00:00:12,000
ನಾದಿ ಮಾಡಿದ ಬನ್ ಇದು
```

ಧ್ವನಿ ಸತ್ಯ ಹೇಳುತ್ತಿದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಬನ್ ಉಬ್ಬಲು ಹಿಟ್ಟಿನೊಳಗೆ ಗಾಳಿ ಹಿಡಿದಿಡುವ ಜಾಲ ಬೇಕು, ಆ ಜಾಲ ಗೋಧಿಯ ಮೈದಾದಿಂದ ಬರುತ್ತದೆ. ಆದರೆ ಧ್ವನಿ ಹಾಕದ ನೋಡುಗನಿಗೆ ಆ ಸತ್ಯ ತಲುಪುವುದಿಲ್ಲ. ಕ್ಯಾಪ್ಷನ್ ತೆರೆದವನಿಗೂ ಪೂರ್ತಿ ತಲುಪುವುದಿಲ್ಲ: ಫಲಕ ಮತ್ತು ಕ್ಯಾಪ್ಷನ್ ಎರಡೂ ಪರದೆಯ ಕೆಳಭಾಗದಲ್ಲೇ ಬೀಳುವುದರಿಂದ ದೊಡ್ಡಕ್ಷರದ ‘ರಾಗಿಯಿಂದಲೇ’ ಎಂಬುದರ ಮೇಲೆ ಸಣ್ಣಕ್ಷರದ ‘ಮೈದಾ’ ಕಲಸಿಹೋಗುತ್ತದೆ.

ಸೀಲಿಯಾಕ್ ರೋಗವುಳ್ಳವರು ಗೋಧಿಯನ್ನು ಪೂರ್ತಿ ಬಿಡಬೇಕು. ಅಂಥವರಲ್ಲಿ ಒಬ್ಬರು ಈ ಫಲಕವನ್ನು ಕನ್ನಡ ಬಲ್ಲವರು ಓದುವಂತೆಯೇ ಓದಿ ಬನ್ ಕೊಂಡರೆ ಅದನ್ನು ಓದುಗರ ತಪ್ಪೆನ್ನಲಾಗದು. ಬರೆದವರ ಉದ್ದೇಶ ಖಾತ್ರಿಯಷ್ಟೇ ಆಗಿದ್ದಿರಬಹುದು. ಪಠ್ಯ ಅದನ್ನು ಹೇಳುತ್ತಿಲ್ಲ. ‘ಏ’ ತೆಗೆದು ‘ರಾಗಿಯಿಂದ ಮಾಡಿದ್ದು’ ಎಂದರೂ ಸಾಲದು, ಮೈದಾ ಮರೆಯಲ್ಲೇ ಉಳಿಯುತ್ತದೆ. ‘ರಾಗಿಯೂ ಇದೆ, ಮೈದಾವೂ ಇದೆ’ ಎಂದು ಸಮುಚ್ಚಯದ ‘ಊ’ ಬಳಸಿದರೆ ತುಸುವೇ ಹೆಚ್ಚು ಜಾಗದಲ್ಲಿ ನಿಜ ನಿಲ್ಲುತ್ತದೆ.

6. ಮಿತಿ ಮತ್ತು ಮುಂದಿನ ಕೆಲಸ

ಒಂದು ವಿಡಿಯೊದ ಓದಿನಿಂದ ಇಡೀ ಪ್ರಕಾರಕ್ಕೆ ನಿಯಮ ಹೇಳಲಾಗದು. ಕೃದಂತವನ್ನು ವಿಶೇಷ್ಯದಿಂದ ಬೇರ್ಪಡಿಸಿದ ಫಲಕಗಳು ಓದನ್ನು ಎಷ್ಟು ನಿಧಾನಿಸುತ್ತವೆ, ಒಂಟಿ ಫಲಕದಲ್ಲಿ ‘ಏ’ಕಾರದ ಯಾವ ಅರ್ಥವನ್ನು ಓದುಗರು ಆಯುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಪ್ರಯೋಗದಿಂದ ನಿರ್ಣಯಿಸಬೇಕು. ಎರಡನೆಯದಕ್ಕೆ ವಿಸ್ತಾರ ಸಲಕರಣೆಯೂ ಬೇಡ. ಫಲಕವನ್ನು ಧ್ವನಿಯಿಲ್ಲದೆ ತೋರಿಸಿ ‘ಇದರಲ್ಲಿ ಗೋಧಿ ಇದೆಯೇ?’ ಎಂದು ಕೇಳಬೇಕು. ಧ್ವನಿಯೊಂದಿಗೆ ತೋರಿಸಿದ ಮತ್ತೊಂದು ಗುಂಪಿನ ಉತ್ತರಗಳೊಂದಿಗೆ ಅವನ್ನು ಹೋಲಿಸಬೇಕು. ನಮ್ಮ ಅಭಿಪ್ರಾಯ ಸರಿಯಿದ್ದರೆ ಇಲ್ಲವೆನ್ನುವವರ ಸಂಖ್ಯೆ ಮೊದಲ ಗುಂಪಿನಲ್ಲಿ ಹೆಚ್ಚಿರಬೇಕು. ಹಾಗಿರದಿದ್ದರೆ ಐದನೆಯ ಭಾಗದ ವಾದ ಬಿದ್ದುಹೋಗುತ್ತದೆ.