ಉಂಡ ಮನೆಗೆ ಅರಬ್ಬಿಯಲ್ಲಿ ಐದು ಸಾಲು

ಹಡಗಲಿಯ ದಂಪತಿ ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಮಗನನ್ನು ನೋಡಲು ಹೋಗಿದ್ದರು. ಮಗನ ಸಹೋದ್ಯೋಗಿಯೊಬ್ಬರು ನಿಜ಼್ವಾದವರು. ಅವರು ಈ ಇಬ್ಬರನ್ನೂ ತಮ್ಮ ಊರಿಗೆ ಕರೆದೊಯ್ದು ಮನೆಯಲ್ಲೇ ಉಳಿಸಿಕೊಂಡು ಉಪಚರಿಸಿದರು. ಊರಿಗೆ ಮರಳಿದ ಮೇಲೆ ದಂಪತಿ ಅಂಗಡಿಯಿಂದ ಒಂದು ಇಂಗ್ಲಿಷ್ ಕಾರ್ಡ್ ತಂದು, ಅದರ ಒಳಪುಟದ ಫೋಟೊ ತೆಗೆದು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. "ಆ ಮನ್ಯಾಗ ಅಜ್ಜಿ ಅದಾರ್ರಿ, ಅವ್ರಿಗೆ ಇಂಗ್ಲಿಷ್ ಬರಂಗಿಲ್ಲ. ಇದನ್ನ ಅರಬ್ಬಿಯೊಳಗ ಬರೆಸಿ ಕೊಡ್ರಿ" ಎಂದರು. ಪತ್ರ, ಕಾರ್ಡು, ಕೈಬರಹ ಎಂದರೆ ನನಗೆ ಇರುವ ಹುಚ್ಚು ಊರಿಗೆಲ್ಲ ಗೊತ್ತಿದೆ. ಈ ವಾರದ ಅಂಕಣ ಆ ಒಂದು ಕಾರ್ಡಿನದು.

ಫೋಟೊದಲ್ಲಿ ಕಂಡದ್ದು ಎಲ್ಲ ಅಂಗಡಿಗಳಲ್ಲೂ ಸಿಗುವ ಮಾತು: "ಥ್ಯಾಂಕ್ ಯೂ ಸೋ ಮಚ್ ಫಾರ್ ಯುವರ್ ವಾರ್ಮ್ ಹಾಸ್ಪಿಟ್ಯಾಲಿಟಿ. ಯೂ ಮೇಡ್ ಅಸ್ ಫೀಲ್ ಅಟ್ ಹೋಮ್. ವಿ ವಿಲ್ ಆಲ್ವೇಸ್ ಚೆರಿಷ್ ದೀಸ್ ಮೆಮೊರೀಸ್." ಬಂಗಾರದ ಬಣ್ಣದ ಅಚ್ಚಿನ ಮೇಲೆ ಫ್ಲ್ಯಾಶ್ ಬಿದ್ದು ಅರ್ಧ ಸಾಲು ಬೆಳ್ಳಗಾಗಿತ್ತು. ಕೆಳಗೆ ಬಾಲ್‌ಪೆನ್ನಿನಲ್ಲಿ ಬರೆದ ಏನೋ ಒಂದು ಸಾಲಿನ ತಲೆ ಮಾತ್ರ ಕಾಣುತ್ತಿತ್ತು, ಉಳಿದದ್ದು ಚೌಕಟ್ಟಿನ ಆಚೆಗೆ ಹೋಗಿತ್ತು. ಇಂಥ ಕಾರ್ಡನ್ನು ಕಿಟಕಿಯ ಪಕ್ಕ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಆರಿಸಿ, ನಾಲ್ಕೂ ಮೂಲೆ ಕಾಣುವಂತೆ ತೆಗೆಯಬೇಕು. ಹಾಗೆ ಮತ್ತೊಮ್ಮೆ ತೆಗೆಸಿದಾಗ ಆ ಕೊನೆಯ ಸಾಲು ಸಿಕ್ಕಿತು. ದಂಪತಿಯಲ್ಲಿ ಹೆಂಡತಿ ತಮ್ಮ ಕೈಯಾರೆ ಬರೆದದ್ದು ಅದೊಂದೇ: ನಿಮ್ಮ ಕಾಫಿ, ನಿಜ಼್ವಾದ ಖರ್ಜೂರ ಮರೆಯುವುದಿಲ್ಲ. ನನಗೆ ಕಾರ್ಡಿನ ಜೀವ ಆ ಸಾಲಿನಲ್ಲೇ ಕಂಡಿತು. ಮೇಲಿನದೆಲ್ಲ ಕಾರ್ಡ್ ಕಂಪನಿಯ ಮಾತು, ಯಾರಿಗಾದರೂ ಹೊಂದುತ್ತದೆ.

ಅರಬ್ಬಿಗೆ ತರುವ ಮೊದಲು ನಾನು ಮಾಡಿದ ಕೆಲಸ ಒಂದೇ. ಇಂಗ್ಲಿಷನ್ನು ಬದಿಗಿಟ್ಟು, "ಆ ಅಜ್ಜಿ ಎದುರಿಗೆ ಕುಂತಿದ್ರೆ ನೀವು ಏನಂತಿದ್ರಿ?" ಎಂದು ಆ ತಾಯಿಯನ್ನು ಕೇಳಿದೆ. "ನಮ್ಮ ಮನ್ಯಾಗ, ನಮ್ಮ ಮಂದಿ ನಡುವ ಇದ್ದಂಗ ಆತ್ರಿ. ನಿಮ್ಮ ಮನಿ ತುಂಬಿರಲಿ. ನೀವೂ ಒಮ್ಮೆ ನಮ್ಮ ಮನಿಗೆ ಬರ್ರಿ" ಎಂದರು. ಈ ಮೂರು ಮಾತಿಗೂ ಅರಬ್ಬಿಯಲ್ಲಿ ಸಿದ್ಧ ನುಡಿಗಳಿವೆ. ಉಂಡ ಮನೆಯನ್ನು ಹರಸಿ ಹೊರಡುವ ವಾಡಿಕೆ ಅವರಲ್ಲೂ ನಮ್ಮಲ್ಲೂ ಇದೆ. ಹೀಗಾಗಿ ಅರಬ್ಬಿ ಕಾರ್ಡಿಗೆ ಮೂಲವಾಗಿ ಈ ತಾಯಿಯ ಹಡಗಲಿ ಮಾತನ್ನು ಇಟ್ಟುಕೊಂಡೆ. ಇಂಗ್ಲಿಷ್ ಅಚ್ಚಿಗಿಂತ ಅದು ಚೆನ್ನಾಗಿ ಒದಗಿತು.

ಮೊದಲ ತೊಡಕು ಸಂಬೋಧನೆಯಲ್ಲಿತ್ತು. ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ "ಹೋಸ್ಟ್ ಫ್ಯಾಮಿಲಿ" ಎಂದಿತ್ತು. ಇದಕ್ಕೆ ಅರಬ್ಬಿಯಲ್ಲಿ "ಅಲ್-ಆಇಲ ಅಲ್-ಮುದೀಫ" ಎಂಬ ಸರಿಯಾದ ಮಾತೇ ಇದೆ. ಆದರೆ ಅದು ವಿದ್ಯಾರ್ಥಿಗಳನ್ನು ಮನೆಯಲ್ಲಿ ಇರಿಸಿಕೊಳ್ಳುವ ಕುಟುಂಬಗಳ ಬಗ್ಗೆ ಕಾಗದಪತ್ರದಲ್ಲಿ ಬರುವ ಮಾತು. ಊಟ ಹಾಕಿದವರನ್ನು ನಾವು "ಆತಿಥೇಯ ಕುಟುಂಬದವರೇ" ಎಂದು ಕರೆಯುತ್ತೇವೆಯೇ? ಅದಕ್ಕಾಗಿ ಮನೆತನದ ಹೆಸರು ಹಿಡಿದು, ಕೊನೆಗೆ "ಅಲ್-ಕರೀಮ" ಸೇರಿಸಿದೆವು. ಉದಾರ, ಗೌರವಾನ್ವಿತ ಎಂಬ ಎರಡೂ ಅರ್ಥ ಅದರಲ್ಲಿದೆ.

ಎರಡನೆಯದು "ನಿಮ್ಮ". ಇಂಗ್ಲಿಷಿನ "ಯೂ" ಒಬ್ಬರಿಗೋ ಹತ್ತು ಜನರಿಗೋ ಗೊತ್ತಾಗುವುದಿಲ್ಲ. ಅರಬ್ಬಿಯಲ್ಲಿ ಒಬ್ಬ ಗಂಡಸಿಗಾದರೆ ಪದದ ಕೊನೆಗೆ "ಕ", ಹೆಂಗಸಿಗಾದರೆ "ಕಿ", ಹಲವರಿಗಾದರೆ "ಕುಮ್" ಬರುತ್ತದೆ. ಮನೆಮಂದಿಗೆಲ್ಲ ಬರೆಯುವ ಕಾರ್ಡಿನಲ್ಲಿ "ನಿಮ್ಮ" ಬರುವ ಕಡೆಯಲ್ಲೆಲ್ಲ "ಕುಮ್" ಇರಬೇಕು. ಒಂದು ಕಡೆ "ಕ", ಇನ್ನೊಂದು ಕಡೆ "ಕುಮ್" ಬಂದರೆ ಬೇರೆ ಬೇರೆ ಕಾರ್ಡುಗಳಿಂದ ಸಾಲು ಕಿತ್ತು ಜೋಡಿಸಿದ್ದಾರೆ ಎಂದು ಓದುವವರಿಗೆ ತಿಳಿದುಬಿಡುತ್ತದೆ. ಅರಬ್ಬಿ ಬಾರದವರೂ ಇದನ್ನು ಪರೀಕ್ಷಿಸಬಹುದು. ಸಾಲನ್ನು ಗಟ್ಟಿಯಾಗಿ ಓದಿಸಿ "ಕುಮ್" ಎಷ್ಟು ಸಲ ಕೇಳಿಸುತ್ತದೆ ಎಂದು ಎಣಿಸಿದರೆ ಸಾಕು.

"ವಾರ್ಮ್" ಎಂಬುದನ್ನು ನಾವು ಕೈಬಿಟ್ಟೆವು. ಬಿಸಿಲಿನ ನಾಡಿನವರಿಗೆ ಹಿತವಾದದ್ದು ತಂಪು. ಸಂತೋಷವಾಯಿತು ಎನ್ನಲು ಅರಬ್ಬಿಯಲ್ಲಿ "ಅಸ್ಲಜ ಸದ್ರೀ" ಎಂಬ ನುಡಿಯಿದೆ, ಎದೆಗೆ ಹಿಮದ ತಂಪು ತಂದಿತು ಎಂದರ್ಥ. ಹೊಟ್ಟೆ ತಣ್ಣಗಿರಲಿ ಎಂದು ಹರಸುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಕಾರ್ಡಿಗೆ ಅದು ತುಸು ಭಾರವಾಯಿತೆಂದು, "ಕರಮ್ ದಿಯಾಫತಿಕುಮ್", ಅಂದರೆ ನಿಮ್ಮ ಆತಿಥ್ಯದ ಔದಾರ್ಯ, ಎಂಬಷ್ಟಕ್ಕೆ ನಿಲ್ಲಿಸಿದೆವು.

ನಮ್ಮೂರಿನ ಮೌಲಾನಾ ಒಬ್ಬರೂ, ಕೊಲ್ಲಿಯಲ್ಲಿ ಬಹುಕಾಲ ದುಡಿದು ಬಂದ ಡ್ರೈವರ್ ಒಬ್ಬರೂ ಕೂತು ಇದನ್ನು ತಿದ್ದಿಕೊಟ್ಟರು. ಮೌಲಾನಾರದ್ದು ಗ್ರಂಥಗಳ ಅರಬ್ಬಿ, ವ್ಯಾಕರಣ ತಪ್ಪುವುದಿಲ್ಲ. ಮನೆ ಪಡಸಾಲೆಯಲ್ಲಿ ಯಾವ ಮಾತು ಸಹಜ ಎಂದು ಹೇಳುವವರು ಡ್ರೈವರ್. ಕೊನೆಯ ಹರಕೆಗೆ ಅವರೇ "ಕಸ್ಸರ ಅಲ್ಲಾಹು ಖೈರಕುಮ್" ಎಂದು ಸೂಚಿಸಿದರು. ದೇವರು ನಿಮ್ಮ ಒಳಿತನ್ನು ಹೆಚ್ಚಿಸಲಿ ಎಂದರ್ಥ. ಉಂಡೆದ್ದವರು ಕೊಲ್ಲಿಯ ಮನೆಗಳಲ್ಲಿ ದಿನವೂ ಆಡುವ ಮಾತು. ಹಿಂದೂ ಮನೆಯವರು ಹೀಗೆ ಬರೆಯಬಹುದೇ ಎಂದು ದಂಪತಿಗೆ ಅನುಮಾನವಿತ್ತು. ಅರಬ್ಬಿ ಮಾತಾಡುವ ಕ್ರೈಸ್ತರೂ ದೇವರನ್ನು ಕರೆಯುವುದು ಅದೇ ಪದದಿಂದ, ಸಂಕೋಚ ಬೇಡ ಎಂದು ಮೌಲಾನಾ ಹೇಳಿದರು.

ಕೊನೆಗೆ ನಿಂತ ಒಕ್ಕಣೆ ಹೀಗಿದೆ. ಉಚ್ಚಾರ ಕನ್ನಡದಲ್ಲಿ ಆದಷ್ಟು ಹತ್ತಿರಕ್ಕೆ ಬರೆದಿದ್ದೇನೆ:

ಇಲಾ ಆಇಲತ್ … ಅಲ್-ಕರೀಮ. ತಹಿಯ್ಯ ತಯ್ಯಿಬ.
ನಶ್ಕುರುಕುಮ್ ಜಜ಼ೀಲ ಶ್ಶುಕ್ರ್ ಅಲಾ ಕರಮ್ ದಿಯಾಫತಿಕುಮ್.
ಶಅರ್ನಾ ಕಅನ್ನನಾ ಫೀ ಬೈತಿನಾ ವ ಬೈನ ಅಹ್ಲಿನಾ.
ವ ಲನ್ ನನ್ಸಾ ಕಹ್ವತಕುಮ್ ವ ತಮ್ರ ನಿಜ಼್ವಾ.
ಕಸ್ಸರ ಅಲ್ಲಾಹು ಖೈರಕುಮ್, ವ ಬೈತುನಾ ಬೈತುಕುಮ್.

ಅರ್ಥ: ಗೌರವಾನ್ವಿತ ಇಂಥ ಮನೆತನಕ್ಕೆ ಶುಭವಂದನೆ. ನಿಮ್ಮ ಉದಾರ ಆತಿಥ್ಯಕ್ಕೆ ತುಂಬು ಕೃತಜ್ಞತೆ. ನಮ್ಮ ಮನೆಯಲ್ಲಿ, ನಮ್ಮವರ ನಡುವೆ ಇದ್ದಂತೆ ಅನಿಸಿತು. ನಿಮ್ಮ ಕಾಫಿಯನ್ನೂ ನಿಜ಼್ವಾದ ಖರ್ಜೂರವನ್ನೂ ಮರೆಯುವುದಿಲ್ಲ. ದೇವರು ನಿಮಗೆ ಇನ್ನಷ್ಟು ಒಳಿತು ಮಾಡಲಿ, ನಮ್ಮ ಮನೆಯೂ ನಿಮ್ಮ ಮನೆಯೇ. ಕಾರ್ಡಿನ ಕೊನೆಯಲ್ಲಿದ್ದ "ವಿತ್ ಲವ್" ಬಿಟ್ಟೆವು. ಸಹಿ ಮಾಡುವವರು ಗಂಡ ಹೆಂಡತಿ ಇಬ್ಬರೂ, ಓದುವವರು ಇಡೀ ಮನೆ. ಅಂಥಲ್ಲಿ "ಮಅ ಅತ್ಯಬಿ ತ್ತಹಿಯ್ಯಾತ್", ಅಂದರೆ ಶುಭಾಶಯಗಳೊಂದಿಗೆ, ಎಂಬುದು ಒಪ್ಪುತ್ತದೆ.

ಇನ್ನು ಬರೆಯುವ ಕೆಲಸ. ಅರಬ್ಬಿ ಬಲದಿಂದ ಎಡಕ್ಕೆ ಸಾಗುವುದರಿಂದ ಕಾರ್ಡಿನ ಮಡಿಕೆಯೂ ಬಲಕ್ಕೆ ಇರಬೇಕು. ನಮ್ಮ ಕಾರ್ಡಿನ ಹಿಂಬದಿ ಅವರ ಕಣ್ಣಿಗೆ ಮುಖಪುಟ. ಅಂಗಡಿಯ ಇಂಗ್ಲಿಷ್ ಕಾರ್ಡಿನಲ್ಲಿ ಇದು ಕೆಡುತ್ತದೆ, ಬೆನ್ನಿನ ಬೆಲೆ ಚೀಟಿ ಮುಂದೆ ಬರುತ್ತದೆ. ನಾವು ದಪ್ಪ ಬಿಳಿ ಹಾಳೆಯನ್ನೇ ಮಡಚಿದೆವು.

ಡಿಟಿಪಿ ಅಂಗಡಿಯಲ್ಲಿ ಅಚ್ಚು ಹಾಕಿಸಲು ನೋಡಿದಾಗ ನಿಜವಾದ ಅಪಾಯ ಎದುರಾಯಿತು. ಅರಬ್ಬಿಯ 28 ಅಕ್ಷರಗಳಲ್ಲಿ ಆರನ್ನು ಬಿಟ್ಟು ಉಳಿದವು ಮುಂದಿನ ಅಕ್ಷರದ ಕೈ ಹಿಡಿಯುತ್ತವೆ. ಅರಬ್ಬಿಗೆ ಹೊಂದಿಸದ ಹಳೆಯ ತಂತ್ರಾಂಶಕ್ಕೆ ಸಾಲನ್ನು ತಂದು ಹಾಕಿದರೆ ಅಕ್ಷರಗಳು ಕೈಬಿಟ್ಟು ಬಿಡಿಬಿಡಿಯಾಗಿ ನಿಲ್ಲುತ್ತವೆ, ಸಾಲದ್ದಕ್ಕೆ ಎಡದಿಂದ ಬಲಕ್ಕೆ ತಿರುಗಿ ಕೂರುತ್ತವೆ. ನಮ್ಮ ಪರದೆಯ ಮೇಲೂ ಹಾಗೇ ಆಯಿತು. ಲಿಪಿ ಗೊತ್ತಿಲ್ಲದವರಿಗೆ ಇದನ್ನು ಪತ್ತೆ ಹಚ್ಚಲು ಒಂದೇ ಒಂದು ಪದ ಗುರುತಿದ್ದರೆ ಸಾಕು. ಅದು "ಶುಕ್ರನ್". ನಮ್ಮ ಒಕ್ಕಣೆಯಲ್ಲಿ ಅದಿಲ್ಲ, ಪರೀಕ್ಷೆಗೆಂದು ಅದನ್ನೇ ಮೊದಲು ಹಾಕಿಸಿ ನೋಡಿ. ಮೂರು ಹಲ್ಲುಗಳ ಮೇಲೆ ಮೂರು ಚುಕ್ಕಿ ಇರುವ "ಶೀನ್" ಅದರ ಬಲತುದಿಯಲ್ಲಿರಬೇಕು, ಒಂಟಿ ನೆಟ್ಟಗೆರೆ "ಅಲಿಫ್" ಎಡತುದಿಯಲ್ಲಿ. ಮೂರು ಚುಕ್ಕಿ ಎಡಕ್ಕೆ ಬಂದಿದ್ದರೆ ಸಾಲು ತಿರುಗಿಕೊಂಡಿದೆ ಎಂದೇ ಅರ್ಥ, ಅಚ್ಚು ನಿಲ್ಲಿಸಿ. ಆ ಮೂರು ಚುಕ್ಕಿ ಬಿಟ್ಟುಹೋದರೂ ಅನಾಹುತ. ಕೃತಜ್ಞತೆಯ "ಶುಕ್ರ್" ಅಮಲಿನ "ಸುಕ್ರ್" ಆಗುತ್ತದೆ, ಇಲ್ಲವೇ ಸಕ್ಕರೆ ಎಂಬ "ಸುಕ್ಕರ್". ಸ್ವರಚಿಹ್ನೆ ಹಾಕದೆ ಬರೆದಾಗ ಕೊನೆಯ ಎರಡಕ್ಕೂ ಕಾಗುಣಿತ ಒಂದೇ.

ಉರ್ದು ಕೀಲಿಮಣೆಯೂ ಬೇಡ. ನಮ್ಮ ಕಡೆ ಮದುವೆ ಪತ್ರಿಕೆಗಳಿಗೆ ಉರ್ದು ಟೈಪ್ ಮಾಡುವವರು ಸಿಗುತ್ತಾರೆ, ಅಚ್ಚುಕಟ್ಟಾಗಿಯೂ ಮಾಡುತ್ತಾರೆ. ಆದರೆ ಉರ್ದುವಿನ "ಕಾಫ್" ಆಕಾರ ಬೇರೆ, ಪದದ ಕೊನೆಯ "ಯೆ"ಗೆ ಕೆಳಗಿನ ಎರಡು ಚುಕ್ಕಿ ಇರುವುದಿಲ್ಲ. ಓಲಾಡುವ ನಸ್ತಾಲೀಕ್ ಶೈಲಿಯೂ ಒಮಾನಿನ ಅಜ್ಜಿಯ ಕಣ್ಣಿಗೆ ಹೊಸದು. ಕಾರ್ಡಿಗೆ ಪುಸ್ತಕಗಳಲ್ಲಿ ಕಾಣುವ ನೇರ "ನಸ್ಖ್" ಶೈಲಿಯೇ ಸರಿ. ಮೌಲಾನಾ ಅಗಲ ಮೊನೆಯ ಪೆನ್ನು ಹಿಡಿದು, ಕಪ್ಪು ಶಾಯಿಯಲ್ಲಿ, ಸಾಲಿನ ನಡುವೆ ಬೆರಳಗಲ ಜಾಗ ಬಿಟ್ಟು ಬರೆದುಕೊಟ್ಟರು. ಅಚ್ಚಿನ ಗೊಡವೆ ಮುಗಿಯಿತು.

ಸಹಿಯ ಜಾಗದಲ್ಲಿ ನಮ್ಮ ಹೆಸರುಗಳು ಕಾಟ ಕೊಟ್ಟವು. ಅರಬ್ಬಿಯಲ್ಲಿ "ಪ" ಇಲ್ಲ, "ಟ, ಡ, ಣ, ಳ" ಇಲ್ಲ, ಬರವಣಿಗೆಯಲ್ಲಿ "ಗ"ಕಾರಕ್ಕೆ ಎಲ್ಲ ದೇಶಗಳೂ ಒಪ್ಪಿದ ಒಂದು ಅಕ್ಷರವಿಲ್ಲ. ಪ್ರಕಾಶ ಎಂದು ಬರೆದರೆ ಅಲ್ಲಿ "ಬ್ರಕಾಶ್" ಎಂದು ಓದುತ್ತಾರೆ. ಹೂವಿನಹಡಗಲಿ ಎಂಬ ಊರಿನ ಹೆಸರಿನ "ಗ"ಕ್ಕೆ "ಗ಼ೈನ್" ಬಳಸಿದೆವು, "ವ"ಕ್ಕೆ "ಫಾ" ಬದಲು "ವಾವ್" ಇಟ್ಟೆವು. ಹೆಸರುಗಳನ್ನು ಮಾತ್ರ ಅರಬ್ಬಿಯ ಕೆಳಗೆ ಕನ್ನಡದಲ್ಲೂ ಬರೆಸಿದೆ. ಅಲ್ಲಿರುವ ಮಗ ಅದನ್ನು ಓದಿ ಹೇಳುತ್ತಾನೆ.

ಊರಿನ ಹೆಸರಿಗೆ ಮುಂಚೆ ಒಂದು ತುಂಡು ಸೇರಿಸಿದ್ದು ನನ್ನ ಆಸೆಯಿಂದ: "ಮಿನ್ ಬಲ್ದತಿ ಲ್-ಯಾಸಮೀನ್", ಮಲ್ಲಿಗೆಯ ಊರಿನಿಂದ. ಡಮಾಸ್ಕಸ್ ಪಟ್ಟಣವನ್ನು ಅರಬ್ಬರು ಮಲ್ಲಿಗೆಯ ನಗರ ಎಂದೇ ಕರೆಯುವುದರಿಂದ ಈ ಬಿರುದು ಅವರಿಗೆ ಹೊಸದಲ್ಲ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಗೆ ಆ ಸಾಲಿನಲ್ಲಿ ನಿಲ್ಲುವ ಹಕ್ಕು ಖಂಡಿತ ಇದೆ. ಹೂವನ್ನೇ ಒಳಗಿಟ್ಟು ಕಳಿಸುವ ಮಾತೂ ಬಂತು. ಬೇಡವೆಂದೆ. ದಾರಿಯಲ್ಲಿ ಹೂವು ಕಂದಿ ಹಾಳೆಗೆ ಕಲೆ ಹತ್ತುತ್ತದೆ, ಅಷ್ಟೇ ಅಲ್ಲ, ಹಸಿ ಹೂವು ಗಡಿ ದಾಟುವುದಕ್ಕೂ ನಿಯಮಗಳಿವೆ.

ಈ ಐದು ಸಾಲು ಬೇಕಾದವರು ಹಾಗೇ ಬಳಸಿಕೊಳ್ಳಿ. ನಿಜ಼್ವಾದ ಖರ್ಜೂರದ ಸಾಲನ್ನು ಮಾತ್ರ ನಕಲು ಮಾಡಬೇಡಿ. ಆ ಜಾಗದಲ್ಲಿ ನೀವು ಆ ಮನೆಯಲ್ಲಿ ಉಂಡದ್ದರ ಹೆಸರು ಬರಲಿ. ಲಕೋಟೆ ಅಂಟಿಸುವ ಮುನ್ನ, ಬರೆದವರಲ್ಲದೆ ಅರಬ್ಬಿ ಬಲ್ಲ ಇನ್ನೊಬ್ಬರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳಿ.