ಆಸನನಾಮಗಳ ಮೂರು ಅಂಕಣ

ಮಹಾರಾಷ್ಟ್ರದ ದೇವಳಾಲಿ ಕ್ಯಾಂಪಿನಲ್ಲಿ ನೆಲೆಸಿದ ಕನ್ನಡಿಗರ ಯೋಗವರ್ಗವೊಂದರಲ್ಲಿ ಹಂಚಲಾದ, ಆಸನಗಳ ಹೆಸರುಗಳನ್ನು ಸಂಸ್ಕೃತ, ಕನ್ನಡ, ಇಂಗ್ಲಿಷುಗಳಲ್ಲಿ ಮೂರು ಅಂಕಣಗಳಾಗಿ ಜೋಡಿಸಿದ ಹಾಳೆಯೊಂದನ್ನು ನಾನು ಮೆಚ್ಚಿಕೊಂಡುದು ಮುಖ್ಯವಾಗಿ ಪಶ್ಚಿಮೋತ್ತಾನಾಸನದ ಸಾಲಿಗಾಗಿ. ಹಠಯೋಗಪ್ರದೀಪಿಕೆಯು ಪಶ್ಚಿಮತಾನವೆಂದು ಕರೆಯುವ ಈ ಆಸನದಲ್ಲಿ ಪಶ್ಚಿಮವೆಂಬುದು ಸೂರ್ಯನು ಮುಳುಗುವ ದಿಕ್ಕಲ್ಲ. ತಲೆಯಿಂದ ಹಿಮ್ಮಡಿಯವರೆಗಿನ ದೇಹದ ಹಿಂಬದಿ. ಇಂಗ್ಲಿಷಿನ ‘ಸೀಟೆಡ್ ಫಾರ್ವರ್ಡ್ ಬೆಂಡ್’ ಎಂಬುದು ಕುಳಿತು ಮುಂದಕ್ಕೆ ಬಾಗುವುದನ್ನಷ್ಟೇ ಹೇಳುವುದರಿಂದ, ಅದನ್ನೇ ನಂಬಿದ ಹೊಸಬನು ಬೆನ್ನನ್ನು ಗೂನುಮಾಡಿ ಹಣೆಯನ್ನು ಮೊಣಕಾಲಿಗೆ ಮುಟ್ಟಿಸಲು ಹೆಣಗುವನು. ಸೊಂಟದ ಕೀಲಿನಿಂದ ಬಾಗದೆ ಕೆಳಬೆನ್ನಿನಿಂದಲೇ ಬಾಗಿದನೆಂಬುದು ಆ ಗೂನಿನಿಂದಲೇ ತಿಳಿಯುತ್ತದೆ. ಹಾಳೆಯ ಕನ್ನಡವಾದರೋ ‘ಹಿಂಬದಿಯನ್ನು ನೀಳವಾಗಿ ಎಳೆಯುವ ಆಸನ’ ಎಂದು, ಸೆಳೆತವು ತೊಡೆಗಳ ಹಿಂದೆ ಕಾಣಬೇಕೆಂಬುದನ್ನು ಹೆಸರಿನಲ್ಲೇ ಸೂಚಿಸುತ್ತದೆ.

ಮರೀಚ್ಯಾಸನವನ್ನು ಅನುವಾದಿಸದೆ, ‘ಮರೀಚಿ ಋಷಿಯ ಹೆಸರಿನದು’ ಎಂದಷ್ಟೇ ಬರೆದು ಬಿಟ್ಟಿರುವುದೂ ವಿವೇಕವೇ. ಆಸನಗಳನ್ನು ಕನ್ನಡದಲ್ಲಿ ವಿವರಿಸುವುದೇನೂ ಹೊಸತಲ್ಲ: ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ವು 1934ರಲ್ಲಿ ಮೈಸೂರಿನಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅವರ ಶಿಷ್ಯರೂ ಕೋಲಾರ ಸೀಮೆಯ ಬೆಳ್ಳೂರಿನವರೂ ಆದ ಬಿ.ಕೆ.ಎಸ್. ಅಯ್ಯಂಗಾರ್ಯರು, ಇದೇ ಮಹಾರಾಷ್ಟ್ರದ ಪುಣೆಯಲ್ಲಿ ನೆಲಸಿ, 1966ರ ‘ಲೈಟ್ ಆನ್ ಯೋಗ’ದಲ್ಲಿ ಆಸನದ ಹೆಸರನ್ನು ಮೊದಲು ಬಿಡಿಸಿ, ಅನಂತರ ವಿಧಾನವನ್ನು ಹೇಳಿದರು.

ಒಂದೇ ಸಾಲು ನನಗೊಪ್ಪಲಿಲ್ಲ. ಉತ್ಕಟವೆಂದರೆ ತೀವ್ರ, ಪ್ರಬಲ. ಇಂಗ್ಲಿಷಿನ ‘ಚೇರ್ ಪೋಸ್’ ನೋಡಿ ಉತ್ಕಟಾಸನವನ್ನು ‘ಕುರ್ಚಿಯಾಸನ’ವೆಂದದ್ದು ವಿಶ್ರಾಂತಿಯ ಭ್ರಮೆ ಹುಟ್ಟಿಸೀತು. ಮುಂದಿನ ಪ್ರತಿಯಲ್ಲಿ ಅದನ್ನು ತಿದ್ದಬೇಕು.