ತೊಟ್ಟಿಮನೆಯಲ್ಲಿ ಹನ್ನೆರಡು ನರಗಳು

ಸ್ಮೃತಿಸೌಧವೆಂಬ ಹೆಸರನ್ನು ಕೇಳಿದೊಡನೆ ಭವ್ಯವಾದ ಅರಮನೆಯೊಂದನ್ನು ಮನಸ್ಸಿನಲ್ಲಿ ಕಟ್ಟಲು ಹೊರಡುವವರು ಮೊದಲ ಹೆಜ್ಜೆಯಲ್ಲಿಯೇ ದಾರಿ ತಪ್ಪುತ್ತಾರೆ. ಕತ್ತಲೆಯಲ್ಲಿಯೂ ಎಡವದೆ ಓಡಾಡಬಲ್ಲಷ್ಟು ಪರಿಚಿತವಾದ ಹಳೆಯ ಮನೆಯೊಂದಿದ್ದರೆ, ಸ್ಥಾನಗಳಲ್ಲಿ ಬಿಂಬಗಳನ್ನಿಟ್ಟು ನೆನಪಿಡುವ ಈ ವಿದ್ಯೆಗೆ ಅದೇ ಧಾರಾಳವಾಯಿತು.

ತುಮಕೂರಿನಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿರುವ ಹುಡುಗಿಯೊಬ್ಬಳು 12 ಜೊತೆ ಕಪಾಲನರಗಳ ಹೆಸರುಗಳು ಕ್ರಮದಲ್ಲಿ ನಿಲ್ಲುತ್ತಿಲ್ಲವೆಂದು ಹೇಳಿದಾಗ, ಗುಬ್ಬಿಯಲ್ಲಿರುವ ಅವಳ ಅಜ್ಜಿಯ ತೊಟ್ಟಿಮನೆಯನ್ನೇ ಆರಿಸಿಕೊಂಡೆವು. ಜಗುಲಿಯಿಂದ ಹಿತ್ತಲ ಬಾವಿಯವರೆಗೆ 12 ಸ್ಥಾನಗಳನ್ನು ಗೊತ್ತುಮಾಡಿ, ಏನನ್ನೂ ಇಡದೆಯೇ ಮೊದಲು ಮನಸ್ಸಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಳು. ಬಳಿಕ ಬಿಂಬಗಳು ಬಂದವು: ಘ್ರಾಣನರಕ್ಕಾಗಿ ಜಗುಲಿಯ ತುಂಬ ಮಲ್ಲಿಗೆಯ ರಾಶಿ, ದೃಷ್ಟಿನರಕ್ಕಾಗಿ ಹೆಬ್ಬಾಗಿಲಲ್ಲಿ ಪಿಳಪಿಳನೆ ಮಿಟುಕುವ ಒಂದೇ ದೊಡ್ಡ ಕಣ್ಣು. ನಾಲ್ಕನೆಯದಾದ ಟ್ರೋಕ್ಲಿಯರ್ ನರವು ಕಣ್ಣನ್ನು ತಿರುಗಿಸುವ ಸ್ನಾಯುವೊಂದನ್ನು ಆಳುವುದರಿಂದಲೂ, ಆ ಸ್ನಾಯುವಿನ ಎಳೆಯು ರಾಟೆಯಂತಹ ಕುಣಿಕೆಯೊಂದರಲ್ಲಿ ಹಾದುಹೋಗುವುದರಿಂದಲೂ, ತೊಟ್ಟಿಯ ತೊಲೆಗೆ ರಾಟೆಯನ್ನು ಕಟ್ಟಿ, ಹಗ್ಗದ ತುದಿಯಲ್ಲಿ ಕಣ್ಣುಗುಡ್ಡೆಯೊಂದನ್ನು ತೂಗಿಬಿಟ್ಟೆವು. ಕೊರಳಿನಿಂದ ಹೊಟ್ಟೆಯವರೆಗೆ ಅಲೆಯುವ ಹತ್ತನೆಯ ವೇಗಸ್ ನರಕ್ಕೆ ಬಚ್ಚಲಲ್ಲಿ ಜೋಳಿಗೆಯ ಜಂಗಮರೊಬ್ಬರು ಬಂದು ನಿಂತರು. ಅಜ್ಜಿಗೆ ಈ ವಿಷಯ ತಿಳಿಸಿಲ್ಲ.

ಮೂರನೆಯ ದಿನ ಕೇಳಿದಾಗ ಆರನೆಯ ಅಬ್‌ಡ್ಯೂಸೆನ್ಸ್ ಕಳೆದುಹೋಗಿತ್ತು. ಉಗ್ರಾಣದಲ್ಲಿ ಅವಳು ಇಟ್ಟಿದ್ದುದು ಮತ್ತೊಂದು ಸಾಧಾರಣ ಕಣ್ಣು. ಎರಡು, ಮೂರು, ನಾಲ್ಕರಲ್ಲಿಯೂ ಕಣ್ಣುಗಳಿದ್ದುದರಿಂದ ಒಂದು ಮತ್ತೊಂದರಲ್ಲಿ ಕರಗಿಹೋಗಿತ್ತು. ಆ ನರವು ಕಣ್ಣನ್ನು ಹೊರಬದಿಗೆ ತಿರುಗಿಸುವುದಾದಕಾರಣ, ಅದೇ ಕಣ್ಣನ್ನು ಕಳ್ಳನೊಬ್ಬನು ಪಕ್ಕದ ಗೋಡೆಯ ಕಡೆಗೆ ಎಳೆದೊಯ್ಯುವಂತೆ ಮಾಡಿದೆವು. ಮುಂದೆ ಅದು ತಪ್ಪಲಿಲ್ಲ. ಪರೀಕ್ಷಿಸುವ ಬಗೆಯೂ ಸುಲಭ: ಆರನೆಯದಾವುದೆಂದು ನೇರವಾಗಿ ಕೇಳಿದಾಗ ಜಗುಲಿಯಿಂದಲೇ ನಡೆದು ಬರಬೇಕಾದರೆ ಸ್ಥಾನಗಳಿಗೆ ಸಂಖ್ಯೆ ಇನ್ನೂ ಅಂಟಿಲ್ಲವೆಂದರ್ಥ.

ಕ್ರಿ.ಪೂ. ಮೊದಲನೆಯ ಶತಮಾನದ ಲ್ಯಾಟಿನ್ ಗ್ರಂಥವಾದ 'ರೆಟೊರಿಕಾ ಅಡ್ ಹೆರೆನ್ನಿಯಂ' ಸ್ಥಾನಗಳ ನಡುವೆ ಸುಮಾರು 30 ಅಡಿ ಅಂತರವಿರಲೆಂದೂ, ಪ್ರತಿ ಐದನೆಯದಕ್ಕೆ ವಿಶೇಷ ಗುರುತಿರಲೆಂದೂ, ಒಂದನ್ನೊಂದು ಹೋಲುವ ಸ್ಥಾನಗಳನ್ನು ಬಿಡಬೇಕೆಂದೂ ಹೇಳುತ್ತದೆ. ತೊಟ್ಟಿಮನೆಯಲ್ಲಿ 30 ಅಡಿ ದೊರೆಯದು, ಬೇಕೂ ಇಲ್ಲ. ಮೂರನೆಯ ಮಾತು ಮಾತ್ರ ನಿಜ. ಕುಣಿಗಲ್ ಕೆರೆಯ ಏರಿ ನಡೆಯಲು ರಮ್ಯವಾದರೂ, ಒಂದು ಪಕ್ಕದಲ್ಲಿ ನೀರೇ ನೀರಾಗಿ ಸಾಗುವುದರಿಂದ ಸ್ಮೃತಿಗೆ ಹಿಡಿಯೇ ಸಿಕ್ಕದು.

ಭಾಷಣಕ್ಕೆ ಬೇರೆ ದಾರಿ ಬೇಕು. ಹೊಸದಾಗಿ ತುಂಬಿದ ಮನೆಯಲ್ಲಿ ಮತ್ತೊಂದನ್ನು ತುರುಕಿದರೆ ರಾಟೆಯೂ ಜಂಗಮರೂ ಉಪನ್ಯಾಸದ ನಡುವೆ ಇಣುಕುತ್ತಾರೆ. ತುಮಕೂರಿನ ಟೌನ್‌ಹಾಲ್, ಬಟವಾಡಿ, ಕ್ಯಾತ್ಸಂದ್ರ, ಸಿದ್ಧಗಂಗೆ ಎಂಬ ನಾಲ್ಕು ತಾಣಗಳಲ್ಲಿ ನಾಲ್ಕು ವಿಚಾರಗಳನ್ನಿಟ್ಟರೆ ಅರ್ಧಗಂಟೆಯ ಮಾತು ಸಾಗುತ್ತದೆ. ವಾಕ್ಯಗಳನ್ನೇ ಇಡುವೆನೆಂದರೆ ಪ್ರತಿ ಶಬ್ದಕ್ಕೂ ಒಂದು ಬಿಂಬ ಬೇಕಾಗಿ, ಬಾಯಿಪಾಠಕ್ಕಿಂತ ಹೆಚ್ಚಿನ ಶ್ರಮವಾಗುವುದು. ಶ್ಲೋಕಕ್ಕೆ ಛಂದಸ್ಸೇ ಸಾಕು.